ಅರ್ಜಿ ನಮ್ಮದಲ್ಲದಿದ್ದರೆ: ಮಾಹಿತಿ ಅಧಿಕಾರಿಯ ಮೊದಲ ಐದು ದಿನ

(ಮಡಿಕೇರಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿಗಳ ಎದುರು ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ನಾನು ಕಂದಾಯ ಇಲಾಖೆಯಲ್ಲಿದ್ದವನು. ನಿವೃತ್ತಿಗೆ ಮುಂಚಿನ ಕೆಲವು ವರ್ಷ ಮಾಹಿತಿ ಹಕ್ಕು ಅರ್ಜಿಗಳು ನನ್ನ ಮೇಜಿಗೇ ಬರುತ್ತಿದ್ದವು. ಒಂದು ಮಳೆಗಾಲದಲ್ಲಿ ಒಬ್ಬ ಬೆಳೆಗಾರರ ಅರ್ಜಿ ಬಂತು. ಮೂರು ದಿನ ಕರೆಂಟಿಲ್ಲ, ಟಪಾಲು ನೋಡಿಕೊಳ್ಳುತ್ತಿದ್ದ ಹುಡುಗ ರಜೆಯಲ್ಲಿದ್ದ, ಅರ್ಜಿ ಟಪಾಲು ಪ್ಯಾಡಿನೊಳಗೇ ಕೂತಿತ್ತು. ಹನ್ನೊಂದನೇ ದಿನ ನನ್ನ ಕೈಗೆ ಸಿಕ್ಕಾಗ ನೋಡಿದೆ, ಕೇಳಿದ್ದ ದಾಖಲೆ ನಮ್ಮ ಕಚೇರಿಯದಲ್ಲ. ಸಂತೋಷವೇ ಆಯಿತು ಅಂದರೆ ಸುಳ್ಳಲ್ಲ. ಒಂದು ಹಿಂಬರಹ ಬರೆದೆ: 'ತಾವು ಕೋರಿರುವ ಮಾಹಿತಿಯು ಈ ಕಚೇರಿಗೆ ಸಂಬಂಧಿಸಿರುವುದಿಲ್ಲ. ಸಂಬಂಧಪಟ್ಟ ಕಚೇರಿಗೆ ಅರ್ಜಿ ಸಲ್ಲಿಸಲು ತಿಳಿಸಿದೆ.' ಅರ್ಜಿಯನ್ನೂ ಅದರ ಜೊತೆಗೇ ಲಗತ್ತಿಸಿ ವಾಪಸ್ ಕಳಿಸಿಬಿಟ್ಟೆ.

ಆ ಎರಡು ವಾಕ್ಯಗಳಿಗೆ ಮುಂದೆ ನಾನು ಮೇಲ್ಮನವಿಯಲ್ಲೂ ಆಯೋಗದ ನೋಟಿಸಿಗೂ ಉತ್ತರ ಕೊಡಬೇಕಾಯಿತು. ದಂಡ ಬೀಳಲಿಲ್ಲ, ಎಚ್ಚರಿಕೆಯಲ್ಲಿ ಮುಗಿಯಿತು. ಆದರೆ ಆ ದಿನ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಸಂಬಂಧಪಟ್ಟ ಕಚೇರಿ ಯಾವುದೆಂದು ನಿಮಗೆ ಗೊತ್ತಿತ್ತೇ? ಗೊತ್ತಿತ್ತು. ಹಾಗಾದರೆ ಅಲ್ಲಿಗೆ ಯಾಕೆ ಕಳಿಸಲಿಲ್ಲ? ಇವತ್ತಿನ ನನ್ನ ಮಾತೆಲ್ಲ ಈ ಎರಡನೇ ಪ್ರಶ್ನೆಯ ಸುತ್ತಲೇ. ಕಾಯ್ದೆಯನ್ನು ಪೂರ್ತಿ ಹೇಳಲು ನಾನು ಬಂದಿಲ್ಲ, ಅದರ ಪುಸ್ತಕ ನಿಮ್ಮ ಕಪಾಟಿನಲ್ಲೇ ಇದೆ.

ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 6(3) ಹೇಳುವುದು ಇಷ್ಟು. ಕೇಳಿದ ಮಾಹಿತಿ ಇನ್ನೊಂದು ಸಾರ್ವಜನಿಕ ಪ್ರಾಧಿಕಾರದ ಬಳಿ ಇದ್ದರೆ, ಅಥವಾ ವಿಷಯ ಆ ಪ್ರಾಧಿಕಾರದ ಕೆಲಸಕ್ಕೆ ಹೆಚ್ಚು ಹತ್ತಿರದ್ದಾಗಿದ್ದರೆ, ಅರ್ಜಿಯನ್ನು ಅಥವಾ ಅದರ ಅಗತ್ಯ ಭಾಗವನ್ನು ಅಲ್ಲಿಗೆ ವರ್ಗಾಯಿಸಬೇಕು. ವರ್ಗಾಯಿಸಿದ್ದನ್ನು ಅರ್ಜಿದಾರರಿಗೆ ಕೂಡಲೇ ತಿಳಿಸಬೇಕು. ಇದೆಲ್ಲ ಆದಷ್ಟು ಬೇಗ ಆಗಬೇಕು, ಏನೇ ಆದರೂ ಅರ್ಜಿ ಬಂದ ದಿನಾಂಕದಿಂದ ಐದು ದಿನ ಮೀರಬಾರದು. ಅರ್ಜಿಯನ್ನು ವಾಪಸ್ ಕೊಡಬಹುದು ಎಂಬ ಮಾತು ಈ ಕಲಮಿನಲ್ಲಿ ಎಲ್ಲೂ ಇಲ್ಲ. ನಾನು ಬರೆದ ಹಿಂಬರಹ ಬೇರೆ ಬೇರೆ ಕಚೇರಿಗಳಲ್ಲಿ ಇವತ್ತಿಗೂ ಅಚ್ಚಿನಂತೆ ಹೊರಡುತ್ತಿದೆ. ಅದಕ್ಕೆ ಕಾಯ್ದೆಯ ಆಧಾರವಿಲ್ಲ.

ಒಂದು ಅರ್ಜಿಯನ್ನು ಕೈಗೆತ್ತಿಕೊಂಡು ನೋಡೋಣ. ಇದು ಕಲ್ಪನೆಯ ಅರ್ಜಿ, ಆದರೆ ಕೊಡಗಿನಲ್ಲಿ ಕೆಲಸ ಮಾಡಿದವರಿಗೆ ಪರಿಚಿತವಾದ ಜಾತಿಯದು. ಮಡಿಕೇರಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ. ಊರಿನ ರಸ್ತೆ ಬದಿಯ ಬರೆ ಕುಸಿದು, ಅಲ್ಲಿ ಒಂದು ತಡೆಗೋಡೆ ಕಟ್ಟಿದ್ದಾರೆ. ಮುಂದಿನ ಮಳೆಗೆ ಗೋಡೆ ವಾಲಿದೆ. ಪಕ್ಕದ ತೋಟದವರೊಬ್ಬರು ಪಂಚಾಯಿತಿಗೆ ಬಂದು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮೂರು ಸಂಗತಿ ಕೇಳುತ್ತಾರೆ. ಒಂದು, ತಡೆಗೋಡೆಯ ಬಗ್ಗೆ ಪಂಚಾಯಿತಿ ಸಭೆಯಲ್ಲಿ ಆದ ನಿರ್ಣಯ ಮತ್ತು ಮೇಲಿನ ಕಚೇರಿಗಳ ಜೊತೆ ನಡೆದ ಪತ್ರವ್ಯವಹಾರದ ನಕಲು. ಎರಡು, ಗೋಡೆಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಗುತ್ತಿಗೆದಾರರಿಗೆ ಪಾವತಿಸಿದ ಬಿಲ್ಲು. ಮೂರು, ಗೋಡೆಗಾಗಿ ಕಡಿದ ಮರಗಳಿಗೆ ಕೊಟ್ಟ ಅನುಮತಿಯ ನಕಲು.

2025ರ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಅರ್ಜಿ ಬಂದದ್ದು ಆಗಸ್ಟ್ 4, ಸೋಮವಾರ.

ಪಿಡಿಒ ಮೊದಲು ಮಾಡಬೇಕಾದ ಕೆಲಸ ಅರ್ಜಿಯನ್ನು ಅವತ್ತೇ ಪೂರ್ತಿ ಓದುವುದು. ನಗಬೇಡಿ. ಬಹುಪಾಲು ವಿಳಂಬ ಇಲ್ಲೇ ಹುಟ್ಟುತ್ತದೆ. ಅರ್ಜಿಗೆ ಮೊಹರು ಬೀಳುತ್ತದೆ, ವಹಿಯಲ್ಲಿ ನಮೂದಾಗುತ್ತದೆ, ವಿಷಯ ನಿರ್ವಾಹಕರ ಹೆಸರಿಗೆ ಷರಾ ಬೀಳುತ್ತದೆ, ಆಮೇಲೆ ಮೂವತ್ತು ದಿನ ಇದೆಯಲ್ಲ ಎಂದು ಎಲ್ಲರೂ ನಿರಾಳ. ಮೂವತ್ತು ದಿನ ಇರುವುದು ನಮ್ಮಲ್ಲಿ ಇರುವ ಮಾಹಿತಿಗೆ. ನಮ್ಮಲ್ಲಿ ಇಲ್ಲದ್ದಕ್ಕೆ ಐದೇ ದಿನ. ಯಾವುದು ಇದೆ, ಯಾವುದು ಇಲ್ಲ ಎಂದು ತಿಳಿಯಬೇಕಾದರೆ ಮೊದಲ ದಿನವೇ ಓದಬೇಕು.

ಓದಿದರೆ ಏನು ಕಾಣುತ್ತದೆ? ಮೊದಲ ಅಂಶ ಪಂಚಾಯಿತಿಯದೇ. ನಡವಳಿ ಪುಸ್ತಕ ನಿಮ್ಮ ಕಪಾಟಿನಲ್ಲಿದೆ. ಎರಡನೆಯದು ಆ ರಸ್ತೆ ಯಾರದು ಎಂಬುದರ ಮೇಲೆ ನಿಂತಿದೆ. ನಮ್ಮ ಜಿಲ್ಲೆಯಲ್ಲಿ ಇದು ಸುಲಭದ ಪ್ರಶ್ನೆ ಅಲ್ಲ. ಮಡಿಕೇರಿ ಮೇಲೆ ಹೋಗುವ ಮೈಸೂರು–ಮಾಣಿ ರಸ್ತೆ ರಾಷ್ಟ್ರೀಯ ಹೆದ್ದಾರಿ 275. ಅದರಿಂದ ಒಡೆದು ಹೋಗುವ ರಸ್ತೆ ಲೋಕೋಪಯೋಗಿ ಇಲಾಖೆಯದಿರಬಹುದು. ಅದರಿಂದ ಇನ್ನೊಂದು ಕವಲು ಪಂಚಾಯತ್ ರಾಜ್ ಇಂಜಿನಿಯರಿಂಗ್‌ನವರದ್ದಾಗಿರಬಹುದು. ತೋಟದೊಳಗೆ ಹೋದ ಮೇಲೆ ಅದು ಪಂಚಾಯಿತಿಯದೂ ಆಗಬಹುದು, ಖಾಸಗಿಯೂ ಆಗಬಹುದು. ಇಳಿಜಾರಿನ ಒಂದೇ ಬರೆಯ ಮೇಲೊಂದು ಕೆಳಗೊಂದು ಗೋಡೆ, ಒಂದೊಂದನ್ನು ಕಟ್ಟಿದ ಇಲಾಖೆ ಬೇರೆ ಬೇರೆ. ಅರ್ಜಿದಾರರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರಿಗೆ ಗೊತ್ತಿರಬೇಕಾಗಿಲ್ಲ ಎಂದೇ 6(3) ಇರುವುದು.

ಆದ್ದರಿಂದ ಎರಡನೇ ದಿನದ ಕೆಲಸ ಫೋನು. ಪತ್ರ ಬರೆಯುವ ಮುಂಚೆ ಉಪವಿಭಾಗದ ಕಚೇರಿಗೆ ಫೋನ್ ಮಾಡಿ, ಇಂತಹ ರಸ್ತೆಯ ಇಂತಹ ತಡೆಗೋಡೆಯ ಕಡತ ನಿಮ್ಮಲ್ಲಿದೆಯೇ ಎಂದು ಕೇಳಿ. ಇದೆ ಎಂದರೆ ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಟಿಪ್ಪಣಿ ಹಾಳೆಯಲ್ಲಿ ಒಂದು ಸಾಲು ಬರೆಯಿರಿ. ಊಹೆಯ ಮೇಲೆ ವರ್ಗಾಯಿಸಿದ ಅರ್ಜಿ ಹದಿನೈದು ದಿನ ಬಿಟ್ಟು ವಾಪಸ್ ಬರುತ್ತದೆ. ಆಗ ಮತ್ತೆ ಕಳಿಸುವಷ್ಟರಲ್ಲಿ ಅರ್ಜಿದಾರರು ಮೇಲ್ಮನವಿ ಹಾಕಿರುತ್ತಾರೆ. ಐದು ನಿಮಿಷದ ಫೋನು ಇದನ್ನೆಲ್ಲ ತಪ್ಪಿಸುತ್ತದೆ. ನಮ್ಮ ಅರ್ಜಿಯಲ್ಲಿ ಕಡತ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗದಲ್ಲಿದೆ ಎಂದು ಗೊತ್ತಾಯಿತು ಎಂದಿಟ್ಟುಕೊಳ್ಳಿ. ಮರದ ಅನುಮತಿ ಅರಣ್ಯ ಇಲಾಖೆಯದು. ಮಡಿಕೇರಿ ವಿಭಾಗವೋ ವಿರಾಜಪೇಟೆ ವಿಭಾಗವೋ ಎಂದು ಅದನ್ನೂ ಕೇಳಿಯೇ ಕಳಿಸಬೇಕು.

ಇಲ್ಲಿ ಒಂದು ತಕರಾರಿನ ಜಾಗ ಬರುತ್ತದೆ. ಮಾಹಿತಿ ಒಂದೇ ಬೇರೆ ಕಚೇರಿಯಲ್ಲಿದ್ದರೆ ವರ್ಗಾಯಿಸಿ, ಹಲವು ಕಚೇರಿಗಳಲ್ಲಿ ಚದುರಿದ್ದರೆ ನಿಮ್ಮಲ್ಲಿರುವುದನ್ನು ಕೊಟ್ಟು ಉಳಿದದ್ದಕ್ಕೆ ಪ್ರತ್ಯೇಕ ಅರ್ಜಿ ಹಾಕುವಂತೆ ತಿಳಿಸಿ ಎಂದು ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2008ರಲ್ಲಿ ಒಂದು ಜ್ಞಾಪನ ಹೊರಡಿಸಿತ್ತು. ಕಾಯ್ದೆಯಲ್ಲಿ 'ಇನ್ನೊಂದು ಪ್ರಾಧಿಕಾರ' ಎಂದು ಏಕವಚನವಿದೆ ಎಂಬುದು ಅದರ ತರ್ಕ. ಆದರೆ ಸಾಮಾನ್ಯ ಖಂಡಗಳ ಕಾಯ್ದೆ, 1897ರ ಪ್ರಕಾರ ಕೇಂದ್ರ ಕಾಯ್ದೆಯ ಏಕವಚನದಲ್ಲಿ ಬಹುವಚನವೂ ಸೇರುತ್ತದೆ, ಆದ್ದರಿಂದ ಎಷ್ಟು ಕಚೇರಿಗಾದರೂ ವರ್ಗಾಯಿಸಬೇಕು ಎಂಬ ವಾದವೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಅರ್ಜಿಯಂತೆ ಯಾವ ಅಂಶ ಯಾವ ಕಚೇರಿಯದು ಎಂದು ಬೆರಳಿಟ್ಟು ಹೇಳಬಹುದಾದರೆ ಎರಡು ಕಡೆಗೂ ವರ್ಗಾಯಿಸಿಬಿಡಿ. ಎರಡು ಪತ್ರದ ಕೆಲಸ ಅಷ್ಟೆ. ಜಿಲ್ಲೆಯ ಎಲ್ಲಾ ಗ್ರಾಮ ಪಂಚಾಯಿತಿಗಳ ತಡೆಗೋಡೆ ಲೆಕ್ಕ ಕೊಡಿ ಎಂದು ಒಂದು ಪಂಚಾಯಿತಿಗೆ ಅರ್ಜಿ ಬಂದರೆ ಅದು ಬೇರೆ ಮಾತು. ಅಲ್ಲಿ ನಿಮ್ಮದನ್ನು ಕೊಟ್ಟು, ಉಳಿದದ್ದು ಎಲ್ಲೆಲ್ಲಿದೆ ಎಂದು ತಿಳಿಸುವುದು ಸರಿ.

ಈಗ ದಿನಗಳನ್ನು ಎಣಿಸೋಣ. ಅರ್ಜಿ ಬಂದ 4ನೇ ತಾರೀಖನ್ನು ಬಿಟ್ಟು ಎಣಿಸಬೇಕು. 5, 6, 7, 8, 9. ಐದನೇ ದಿನ ಆಗಸ್ಟ್ 9. ಅವತ್ತು ಎರಡನೇ ಶನಿವಾರ. ಮರುದಿನ ಭಾನುವಾರ. ಕಾಯ್ದೆ 'ದಿನ' ಎನ್ನುತ್ತದೆ, 'ಕೆಲಸದ ದಿನ' ಎನ್ನುವುದಿಲ್ಲ, ಹಾಗಾಗಿ ನಡುವಿನ ರಜೆಗಳನ್ನು ಕಳೆಯುವ ಹಾಗಿಲ್ಲ. ಕೊನೆಯ ದಿನವೇ ಕಚೇರಿ ಮುಚ್ಚಿದ್ದರೆ ಮಾತ್ರ, ಸಾಮಾನ್ಯ ಖಂಡಗಳ ಕಾಯ್ದೆಯ 10ನೇ ಕಲಂ ಪ್ರಕಾರ ಕಚೇರಿ ತೆರೆದ ಮುಂದಿನ ದಿನ ಮಾಡಿದರೂ ನಡೆಯುತ್ತದೆ. ಅಂದರೆ 11, ಸೋಮವಾರ. ಈ ರಿಯಾಯಿತಿ ಇದೆ ಎಂದು ತಿಳಿದಿರಲಿ, ಅದನ್ನು ನಂಬಿ ಕೂರಬೇಡಿ. ಮೂವತ್ತನೇ ದಿನಕ್ಕೂ ಇದೇ ಎಣಿಕೆ. ಆಗಸ್ಟ್ 4ರ ಅರ್ಜಿಗೆ ಮೂವತ್ತನೇ ದಿನ ಸೆಪ್ಟೆಂಬರ್ 3. ಮೈಸೂರಿನಲ್ಲಿ ಅದು ಮಾಮೂಲಿ ಬುಧವಾರ. ನಮಗೆ ಕೈಲ್ ಮುಹೂರ್ತ, ಕೊಡಗು ಜಿಲ್ಲೆಗೆ ಸ್ಥಳೀಯ ರಜೆ. ಆಯೋಗದ ಕಚೇರಿ ಇರುವುದು ಬೆಂಗಳೂರಿನಲ್ಲಿ. ಸೆಪ್ಟೆಂಬರ್ 4ರಂದು ಉತ್ತರ ಕಳಿಸಿದರೆ, ಹಿಂದಿನ ದಿನ ನಮ್ಮ ಜಿಲ್ಲೆಗೆ ರಜೆ ಇತ್ತೆಂದು ಕಡತದಲ್ಲೇ ಬರೆದಿಟ್ಟಿರಿ. ಹುತ್ತರಿ, ತುಲಾ ಸಂಕ್ರಮಣಕ್ಕೂ ಇದೇ ಮಾತು.

ನಮ್ಮ ಪಿಡಿಒ ಚುರುಕು. ಆಗಸ್ಟ್ 7ಕ್ಕೆ, ಮೂರನೇ ದಿನವೇ ಎರಡು ವರ್ಗಾವಣೆ ಪತ್ರ ಬರೆದರು. ಆ ಪತ್ರ ಹೀಗಿರಲಿ:

'ವಿಷಯ: ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 6(3)ರಡಿ ಅರ್ಜಿಯ ಭಾಗ ವರ್ಗಾವಣೆ. ಈ ಕಚೇರಿಗೆ ದಿನಾಂಕ 04-08-2025ರಂದು ಸ್ವೀಕೃತವಾದ ಅರ್ಜಿಯ ನಕಲನ್ನು ಲಗತ್ತಿಸಿದೆ. ಅರ್ಜಿಯ ಕ್ರಮ ಸಂಖ್ಯೆ 2ರಲ್ಲಿ ಕೋರಿರುವ ದಾಖಲೆಗಳು ತಮ್ಮ ಕಚೇರಿಯಲ್ಲಿರುವುದರಿಂದ ಆ ಭಾಗವನ್ನು ತಮಗೆ ವರ್ಗಾಯಿಸಲಾಗಿದೆ. ಅರ್ಜಿ ಶುಲ್ಕ ರೂ. 10ನ್ನು ಈ ಕಚೇರಿಯಲ್ಲಿ ಸ್ವೀಕರಿಸಲಾಗಿದೆ. ಮಾಹಿತಿಯನ್ನು ಅರ್ಜಿದಾರರಿಗೆ ನೇರವಾಗಿ ಒದಗಿಸಲು ಕೋರಿದೆ. ಕ್ರಮ ಸಂಖ್ಯೆ 1ಕ್ಕೆ ಈ ಕಚೇರಿಯಿಂದಲೇ ಉತ್ತರ ನೀಡಲಾಗುವುದು.'

ಇದರಲ್ಲಿ ಒಂದು ವಾಕ್ಯವೂ ಅಲಂಕಾರಕ್ಕಲ್ಲ. ಸ್ವೀಕರಿಸಿದ ದಿನಾಂಕ ಇಲ್ಲದಿದ್ದರೆ ನೀವು ಐದು ದಿನದೊಳಗೆ ಕಳಿಸಿದಿರಿ ಎಂಬುದಕ್ಕೆ ಸಾಕ್ಷಿಯಿಲ್ಲ. ಕ್ರಮ ಸಂಖ್ಯೆ ಬರೆಯದೆ ಇಡೀ ಅರ್ಜಿ ಕಳಿಸಿದರೆ, ಉಪವಿಭಾಗದವರು ಒಂದನೇ ಅಂಶ ನಮ್ಮದಲ್ಲ ಎಂದು ಪೂರ್ತಿ ವಾಪಸ್ ಕಳಿಸುತ್ತಾರೆ. ಶುಲ್ಕದ ಮಾತು ಬರೆಯದಿದ್ದರೆ ಅವರು ಅರ್ಜಿದಾರರಿಂದ ಮತ್ತೆ ಹತ್ತು ರೂಪಾಯಿ ಕೇಳುತ್ತಾರೆ. ಕೇಳಕೂಡದು, ಅರ್ಜಿ ಒಂದೇ, ಶುಲ್ಕ ಒಮ್ಮೆಯೇ. ನಕಲಿನ ಪುಟಕ್ಕೆ ಎರಡು ರೂಪಾಯಿ ಮಾತ್ರ ಯಾರು ನಕಲು ಕೊಡುತ್ತಾರೋ ಅವರು ಕೇಳಬಹುದು.

ಪತ್ರದ ಕೊನೆಯಲ್ಲಿ ಅರ್ಜಿದಾರರಿಗೆ ಪ್ರತಿ. ಇದನ್ನು ನಮ್ಮವರು ಮರೆಯುವಷ್ಟು ಇನ್ನೇನನ್ನೂ ಮರೆಯುವುದಿಲ್ಲ. ಮರೆತರೆ ಏನಾಗುತ್ತದೆ ಎಂದರೆ, ಅರ್ಜಿದಾರರು ಸೆಪ್ಟೆಂಬರ್ ಮೊದಲ ವಾರದವರೆಗೆ ಪಂಚಾಯಿತಿಯ ಉತ್ತರಕ್ಕೆ ಕಾಯುತ್ತಾರೆ, ಬರಲಿಲ್ಲವೆಂದು ಮೇಲ್ಮನವಿ ಹಾಕುತ್ತಾರೆ. ನೀವು ಸರಿಯಾದ ದಿನ ಸರಿಯಾದ ಕಚೇರಿಗೆ ಕಳಿಸಿಯೂ ಮೇಲ್ಮನವಿ ಪ್ರಾಧಿಕಾರದ ಎದುರು ಕೈಕಟ್ಟಿ ನಿಲ್ಲುತ್ತೀರಿ. ಪ್ರತಿಯಲ್ಲಿ ಆ ಕಚೇರಿಯ ಮಾಹಿತಿ ಅಧಿಕಾರಿಯ ಪದನಾಮ, ಪೂರ್ಣ ವಿಳಾಸ ಇರಲಿ. 'ಸಂಬಂಧಪಟ್ಟ ಇಲಾಖೆಗೆ ಕಳಿಸಿದೆ' ಎಂದರೆ ನನ್ನ ಹಳೇ ಹಿಂಬರಹಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಉಪವಿಭಾಗದ ಪತ್ರವನ್ನು ಜವಾನರ ಕೈಯಲ್ಲಿ ಆಗಸ್ಟ್ 8ಕ್ಕೆ ಮುಟ್ಟಿಸಿ ಸ್ವೀಕೃತಿ ಪಡೆದರು. ಅರಣ್ಯ ಇಲಾಖೆಯದು ನೋಂದಾಯಿತ ಅಂಚೆಯಲ್ಲಿ ಹೋಗಿ 13ಕ್ಕೆ ತಲುಪಿತು. ವರ್ಗಾಯಿಸಿದ ಅರ್ಜಿಗೆ ಮೂವತ್ತು ದಿನ ಶುರುವಾಗುವುದು ಆ ಕಚೇರಿ ಸ್ವೀಕರಿಸಿದ ದಿನದಿಂದ. ಹಾಗಾಗಿ ಒಂದೇ ಅರ್ಜಿಗೆ ಮೂರು ಗಡುವು ಹುಟ್ಟಿತು. ಪಂಚಾಯಿತಿಗೆ ಸೆಪ್ಟೆಂಬರ್ 3, ರಜೆಯ ಕಾರಣ 4. ಉಪವಿಭಾಗಕ್ಕೆ ಸೆಪ್ಟೆಂಬರ್ 7, ಅದು ಭಾನುವಾರವಾದ್ದರಿಂದ 8. ಅರಣ್ಯ ಇಲಾಖೆಗೆ ಸೆಪ್ಟೆಂಬರ್ 12.

ಇದನ್ನೇ ಪಿಡಿಒ ಆಗಸ್ಟ್ 20ರವರೆಗೆ ಇಟ್ಟುಕೊಂಡು, ಅಂದರೆ ಹದಿನಾರನೇ ದಿನ, ಕಳಿಸಿದ್ದರೆ? ಆಗಲೂ ಕಳಿಸಲೇಬೇಕು. ಐದು ದಿನ ದಾಟಿತು, ಇನ್ನು ವರ್ಗಾಯಿಸುವ ಅಧಿಕಾರ ನನಗಿಲ್ಲ ಎಂದು ಅರ್ಜಿಯನ್ನು ವಾಪಸ್ ಕೊಡುವವರನ್ನು ನೋಡಿದ್ದೇನೆ. ತಪ್ಪನ್ನು ಮುಚ್ಚಲು ಇನ್ನೊಂದು ತಪ್ಪು ಅದು. ತಡವಾದಷ್ಟು ದಿನಕ್ಕೆ ಕಳಿಸಿದವರು ಹೊಣೆ, ಪಡೆದವರ ಮೂವತ್ತು ದಿನ ಅವರಿಗೆ ಪೂರ್ತಿ ಸಿಗುತ್ತದೆ. ಕೇಂದ್ರದ ಮಾರ್ಗದರ್ಶಿಯೂ ಹೀಗೇ ಹೇಳುತ್ತದೆ.

ಇಲ್ಲಿ ಸಭೆಯಲ್ಲಿದ್ದ ಒಬ್ಬ ಪಿಡಿಒ ಎದ್ದು ನಿಂತರು. "ಸರ್, ನಾವು ಎಂಟನೇ ದಿನಕ್ಕೆ ಒಂದು ಅರ್ಜಿ ಕಳಿಸಿದ್ವಿ. ಐದು ದಿನ ಆಗಿದೆ, ತಗೊಳ್ಳಲ್ಲ ಅಂತ ಆ ಕಚೇರಿಯವರು ವಾಪಸ್ ಕಳಿಸಿದ್ರು. ಈಗ ನಾವೇನು ಮಾಡ್ಬೇಕು?"

ಅವರು ವಾಪಸ್ ಕಳಿಸುವ ಹಾಗಿಲ್ಲ ಅಮ್ಮ. ಐದು ದಿನದ ಮಿತಿ ನಿಮಗೆ ಹಾಕಿದ ಕಟ್ಟು, ಅವರಿಗೆ ಕೊಟ್ಟ ರಕ್ಷಣೆ ಅಲ್ಲ. ತಡವಾಗಿ ಬಂತು ಎಂಬುದು ಅರ್ಜಿದಾರರ ತಪ್ಪೂ ಅಲ್ಲ. ಅದನ್ನೇ ಬರೆದು ಮತ್ತೆ ಕಳಿಸಿ. ಅವರು ಮೊದಲು ಸ್ವೀಕರಿಸಿದ ದಿನಾಂಕದ ದಾಖಲೆಯನ್ನು ಮಾತ್ರ ಭದ್ರವಾಗಿಟ್ಟುಕೊಳ್ಳಿ, ಅವರ ಮೂವತ್ತು ದಿನ ಶುರುವಾದದ್ದು ಅವತ್ತಿನಿಂದಲೇ ಎಂದು ಮುಂದೆ ತೋರಿಸಬೇಕಾಗುತ್ತದೆ. ನಿಮ್ಮ ಮೂರು ದಿನದ ವಿಳಂಬಕ್ಕೆ ಕಾರಣವಿದ್ದರೆ ಅದನ್ನು ಈಗಲೇ ಕಡತದಲ್ಲಿ ಬರೆಯಿರಿ, ನೋಟಿಸು ಬಂದ ಮೇಲಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ಹೆಚ್ಚು ಜನರನ್ನು ಸಿಕ್ಕಿಸಿದೆ. ಕಚೇರಿಯೊಳಗಿನ ಓಡಾಟವನ್ನೇ ವರ್ಗಾವಣೆ ಎಂದುಕೊಳ್ಳುವುದು. ತಹಶೀಲ್ದಾರ್ ಕಚೇರಿಗೆ ಒಂದು ಅರ್ಜಿ ಬಂತು, ಜಮ್ಮಾ ಬಾಣೆಯ ಒಂದು ಕಡತದ ನಕಲು ಬೇಕು. ಕಡತ ದಾಖಲೆ ಕೊಠಡಿಯಲ್ಲಿದೆ. ಮಾಹಿತಿ ಅಧಿಕಾರಿ ದಾಖಲೆ ಕೊಠಡಿಗೆ ಒಂದು ಟಿಪ್ಪಣಿ ಕಳಿಸಿ, 6(3)ರಡಿ ವರ್ಗಾಯಿಸಿದೆ ಎಂದು ಅರ್ಜಿದಾರರಿಗೂ ಬರೆದು, ಮೂವತ್ತು ದಿನ ಹೊಸದಾಗಿ ಶುರುವಾಯಿತು ಎಂದು ಕೂತರು. ಶುರುವಾಗಿಲ್ಲ. 6(3) ಇರುವುದು ಇನ್ನೊಂದು ಪ್ರಾಧಿಕಾರಕ್ಕೆ. ನಮ್ಮದೇ ಕಚೇರಿಯ ಇನ್ನೊಂದು ಶಾಖೆಯಲ್ಲಿ ಕಡತ ಇದ್ದರೆ ಅದು ಕಲಂ 5(4)ರ ವಿಷಯ, ಅಂದರೆ ನೀವು ಇನ್ನೊಬ್ಬ ಅಧಿಕಾರಿಯ ನೆರವು ಕೇಳುತ್ತಿದ್ದೀರಿ. ಗಡಿಯಾರ ಅರ್ಜಿ ಬಂದ ದಿನದಿಂದಲೇ ಓಡುತ್ತಿರುತ್ತದೆ.

5(4) ದುರ್ಬಲ ಕಲಂ ಎಂದು ತಿಳಿಯಬೇಡಿ. ನೆರವು ಕೇಳಿಸಿಕೊಂಡ ಅಧಿಕಾರಿ ನೆರವು ಕೊಡಲೇಬೇಕು. ಕೊಡದಿದ್ದರೆ 5(5)ರ ಪ್ರಕಾರ ಕಾಯ್ದೆಯ ಉಲ್ಲಂಘನೆಯ ಮಟ್ಟಿಗೆ ಅವರನ್ನೇ ಮಾಹಿತಿ ಅಧಿಕಾರಿ ಎಂದು ಭಾವಿಸಲಾಗುತ್ತದೆ, ದಂಡ ಅವರತ್ತ ತಿರುಗಬಹುದು. ಆದರೆ ನೀವು ಬಾಯಿಮಾತಿನಲ್ಲಿ ಕೇಳಿದ್ದರೆ ತಿರುಗುವುದಿಲ್ಲ. 'ಕಲಂ 5(4)ರಡಿ ನೆರವು ಕೋರಿದೆ, ಇಂತಹ ದಿನಾಂಕದೊಳಗೆ ಕಡತ ಒದಗಿಸಿ' ಎಂದು ಬರೆದು, ಸಹಿ ಹಾಕಿಸಿಕೊಂಡು, ಕಡತದಲ್ಲಿ ಇಟ್ಟಿರಬೇಕು. ಇ-ಆಫೀಸಿನಲ್ಲಿ ಕಳಿಸಿದರೆ ದಿನಾಂಕ ತಾನಾಗಿಯೇ ಉಳಿಯುತ್ತದೆ. ಪಕ್ಕದ ಮೇಜಿನ ಸ್ನೇಹಿತರಿಗೆ ಹೀಗೆ ಬರೆಯುವುದು ಮುಜುಗರ, ಒಪ್ಪುತ್ತೇನೆ. ಕಾಫಿ ಕುಡಿಯುವಾಗ ಮುಂಚೆಯೇ ಹೇಳಿಬಿಡಿ, ಆಮೇಲೆ ಬರೆಯಿರಿ.

ಕಡತ ಸಿಗುತ್ತಿಲ್ಲ ಎಂಬುದೂ ವರ್ಗಾವಣೆಗೆ ಕಾರಣವಲ್ಲ. ಕಡತ ನಿಮ್ಮದೇ ಆಗಿದ್ದು ಕಾಣೆಯಾಗಿದ್ದರೆ ಹುಡುಕಬೇಕು, ಹುಡುಕಿದ್ದನ್ನು ಬರೆದಿಡಬೇಕು. ಮೇಲಿನ ಕಚೇರಿಯಲ್ಲಿ ಒಂದು ಪ್ರತಿ ಇರಬಹುದು ಎಂದು ಅರ್ಜಿಯನ್ನು ಅತ್ತ ತಳ್ಳುವುದು ಕೈತೊಳೆದುಕೊಳ್ಳುವ ದಾರಿ.

ಪಂಚಾಯಿತಿಯ ಒಂದನೇ ಅಂಶಕ್ಕೆ ವಾಪಸ್ ಬರೋಣ, ಯಾಕೆಂದರೆ ಎರಡು ಭಾಗ ವರ್ಗಾಯಿಸಿದ ಖುಷಿಯಲ್ಲಿ ನಮ್ಮದೇ ಭಾಗ ಮರೆತುಹೋಗುವುದುಂಟು. ನಿರ್ಣಯ ಮತ್ತು ಪತ್ರಗಳು ಸೇರಿ 46 ಪುಟ. ಪುಟಕ್ಕೆ ಎರಡರಂತೆ 92 ರೂಪಾಯಿ. ಶುಲ್ಕ ಕಟ್ಟಲು ಅರ್ಜಿದಾರರಿಗೆ ಪತ್ರ ಕಳಿಸಬೇಕು, ಲೆಕ್ಕ ಹೇಗೆ ಹಾಕಿದಿರಿ ಎಂದು ಅದರಲ್ಲಿ ಇರಬೇಕು, ಲೆಕ್ಕದ ಮೇಲೆ ತಕರಾರಿದ್ದರೆ ಯಾರಿಗೆ ಮೇಲ್ಮನವಿ ಹಾಕಬೇಕು ಎಂಬುದೂ ಇರಬೇಕು. ಈ ಪತ್ರ ರವಾನೆಯಾದ ದಿನದಿಂದ ಹಣ ಕಟ್ಟುವ ದಿನದವರೆಗಿನ ಅವಧಿ ಮೂವತ್ತು ದಿನದಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಪತ್ರವನ್ನು ಆಗಸ್ಟ್ 18ಕ್ಕೆ ರವಾನಿಸಿದಿರಿ. ಅದು ಹದಿನಾಲ್ಕನೇ ದಿನ. ಗಡಿಯಾರ ನಿಂತಿತು. ಅರ್ಜಿದಾರರು ಸೆಪ್ಟೆಂಬರ್ 1ಕ್ಕೆ ಬಂದು 92 ರೂಪಾಯಿ ಕಟ್ಟಿದರು. ಗಡಿಯಾರ ಮತ್ತೆ ಹೊರಟಿತು. ನಿಮಗೆ ಉಳಿದದ್ದು ಹದಿನಾರು ದಿನ, ಸೆಪ್ಟೆಂಬರ್ 17ರವರೆಗೆ. ಇದೇ ಪತ್ರವನ್ನು ಇಪ್ಪತ್ತೊಂಬತ್ತನೇ ದಿನ ಕಳಿಸಿದರೆ ಉಳಿಯುವುದು ಒಂದೇ ದಿನ, ಹಣ ಕಟ್ಟಿದ ಮರುದಿನ ನಕಲು ಸಿದ್ಧವಿರಬೇಕು. ಮೂವತ್ತು ದಿನ ದಾಟಿದ ಮೇಲೆ ಕಳಿಸಿದರೋ, ಹಣ ಕೇಳುವ ಹಕ್ಕೇ ಹೋಯಿತು, ಕಲಂ 7(6) ಪ್ರಕಾರ ಉಚಿತವಾಗಿ ಕೊಡಬೇಕು. ಮೂವತ್ತೈದನೇ ದಿನ ಶುಲ್ಕದ ಪತ್ರ ಕಳಿಸಿ, ಅರ್ಜಿದಾರರು ಹಣ ಕಟ್ಟಲಿಲ್ಲ, ಅದಕ್ಕೇ ಮಾಹಿತಿ ಕೊಡಲಿಲ್ಲ ಎಂದು ಆಯೋಗದ ಮುಂದೆ ಹೇಳುವುದು ನಮ್ಮಲ್ಲಿ ಬಹಳ ಹಳೆಯ ಉಪಾಯ. ದಿನಾಂಕ ನೋಡಿದ ಕೂಡಲೇ ಸಿಕ್ಕಿಬೀಳುತ್ತದೆ.

ಉಳಿದ ಅವಧಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅರ್ಜಿ ಸಹಾಯಕ ಮಾಹಿತಿ ಅಧಿಕಾರಿಯ ಮೂಲಕ ಬಂದರೆ ಉತ್ತರದ ಅವಧಿಗೆ ಐದು ದಿನ ಸೇರುತ್ತದೆ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಅಂತಹ ಅರ್ಜಿ ತಪ್ಪಿ ನಿಮ್ಮಲ್ಲಿಗೆ ಬಂದರೆ ಐದು ದಿನ ಇದೆ ಎಂದು ನೋಡಬೇಡಿ, ಅರ್ಧ ಗಂಟೆಯಲ್ಲಿ ಇಮೇಲ್ ಮಾಡಿ, ಫೋನ್ ಮಾಡಿ. ಮೂರನೇ ವ್ಯಕ್ತಿ ಗೌಪ್ಯವೆಂದು ಕೊಟ್ಟ ಮಾಹಿತಿಯನ್ನು ಬಹಿರಂಗಪಡಿಸಬೇಕೆಂದು ನೀವು ಯೋಚಿಸಿದರೆ ಐದು ದಿನದೊಳಗೆ ಅವರಿಗೆ ನೋಟಿಸು ಕೊಡಬೇಕು, ಅವರಿಗೆ ಹತ್ತು ದಿನ, ನಿಮ್ಮ ತೀರ್ಮಾನಕ್ಕೆ ಒಟ್ಟು ನಲವತ್ತು ದಿನ.

ದಂಡದ ಮಾತು ಎಲ್ಲರಿಗೂ ಬಾಯಿಪಾಠ. ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ನೂರು ದಿನಕ್ಕೆ ಮುಟ್ಟುತ್ತದೆ, ಅದು ನಿಮ್ಮ ಸ್ವಂತ ಜೇಬಿನಿಂದ. ಹೆಚ್ಚು ಜನ ಗಮನಿಸದ್ದು ಕಲಂ 20ರ ಇನ್ನೊಂದು ಸಾಲು: ಸಮಂಜಸವಾಗಿ, ಶ್ರದ್ಧೆಯಿಂದ ನಡೆದುಕೊಂಡೆ ಎಂದು ತೋರಿಸುವ ಹೊಣೆ ಮಾಹಿತಿ ಅಧಿಕಾರಿಯದೇ. ನಿಮಗೆ ವಾದಿಸಲು ಅವಕಾಶ ಕೊಡದೆ ದಂಡ ಹಾಕುವಂತಿಲ್ಲ. ಆ ದಿನ ನಿಮ್ಮ ಪರವಾಗಿ ಮಾತಾಡುವುದು ಫೋನ್ ಮಾಡಿದ ಟಿಪ್ಪಣಿ, ಜವಾನರ ಸ್ವೀಕೃತಿ, ಅಂಚೆ ರಸೀದಿ, 5(4)ರ ಪತ್ರ. ನನ್ನ ಕೈಯಲ್ಲಿ ಇವೊಂದೂ ಇರಲಿಲ್ಲ, ಮಳೆ ಇತ್ತು ಎಂದಷ್ಟೇ ಹೇಳಿದೆ.

ಕೊನೆಗೆ ಎರಡು ಪ್ರಶ್ನೆಗಳು ಬಂದವು. ಒಬ್ಬರು ಕೇಳಿದರು: "ಮಳೆಯಿಂದ ಕಾಫಿ ಬೆಳೆ ಹಾಳಾಗಿದ್ದರ ಸಮೀಕ್ಷೆ ಬಗ್ಗೆ ತಾಲ್ಲೂಕು ಕಚೇರಿಗೆ ಅರ್ಜಿ ಬರ್ತದೆ. ಅದರಲ್ಲಿ ಕಾಫಿ ಮಂಡಳಿಯದೂ ಸೇರಿರ್ತದೆ. ಅದು ಕೇಂದ್ರ ಸರ್ಕಾರದ್ದು, ನಾವು ಅಲ್ಲಿಗೆ ವರ್ಗಾಯಿಸಬಹುದಾ ಸರ್?"

ಕಾಯ್ದೆ 'ಇನ್ನೊಂದು ಸಾರ್ವಜನಿಕ ಪ್ರಾಧಿಕಾರ' ಎನ್ನುತ್ತದೆ, ರಾಜ್ಯದ್ದು ಮಾತ್ರ ಎನ್ನುವುದಿಲ್ಲ. ರಾಜ್ಯಕ್ಕೆ ಸೇರಿದ ಅರ್ಜಿಯನ್ನು ಕೇಂದ್ರದ ಕಚೇರಿಗಳು ವರ್ಗಾಯಿಸಬೇಕಿಲ್ಲ, ಅರ್ಜಿದಾರರಿಗೆ ತಿಳಿಸಿದರೆ ಸಾಕು ಎಂದು ನಾನು ಆಗ ಹೇಳಿದ 2008ರ ಜ್ಞಾಪನದಲ್ಲಿದೆ. ಅದು ಅವರಿಗೆ ಅವರ ಇಲಾಖೆ ಹೇಳಿದ್ದು, ನಮ್ಮನ್ನು ಕಟ್ಟಿಹಾಕುವುದಿಲ್ಲ. ಮಂಡಳಿಯ ಭಾಗವನ್ನು ಅಲ್ಲಿಗೆ ಕಳಿಸಿ. ಆದರೆ ಮೊದಲು ನಿಮ್ಮ ಕಡತ ನೋಡಿ. ಜಂಟಿ ಸಮೀಕ್ಷೆಯಾಗಿದ್ದರೆ ವರದಿಯ ಒಂದು ಪ್ರತಿ ನಿಮ್ಮಲ್ಲೂ ಇರುತ್ತದೆ. ನಿಮ್ಮಲ್ಲಿರುವ ಪ್ರತಿಯನ್ನು ನೀವೇ ಕೊಡಬೇಕು. ಮೂಲ ಅವರಲ್ಲಿದೆ ಎಂದು ತಳ್ಳುವ ಹಾಗಿಲ್ಲ.

ಇನ್ನೊಬ್ಬರು, ಹೊಸದಾಗಿ ಸೇರಿದ ಕಾರ್ಯದರ್ಶಿ, ಮೆಲ್ಲಗೆ ಕೇಳಿದರು: "ಶುಕ್ರವಾರ ಸಂಜೆ ಜವಾನರ ಕೈಗೆ ಅರ್ಜಿ ಕೊಟ್ಟು ಹೋದ್ರು ಸರ್. ನನ್ನ ಮೇಜಿಗೆ ಬಂದದ್ದು ಬುಧವಾರ. ಐದು ದಿನ ಯಾವತ್ತಿನಿಂದ?"

ಶುಕ್ರವಾರದ ಮರುದಿನದಿಂದ. ಅರ್ಜಿ ಕಚೇರಿಗೆ ಬಂದ ದಿನವೇ ಲೆಕ್ಕಕ್ಕೆ, ನಿಮ್ಮ ಮೇಜಿಗೆ ಬಂದ ದಿನ ಅಲ್ಲ. ಶನಿವಾರ ಒಂದು, ಬುಧವಾರ ಐದು. ಅವತ್ತೇ ಸಂಜೆಯೊಳಗೆ ವರ್ಗಾಯಿಸಿದ್ದರೆ ನೀವು ಗಡುವಿನೊಳಗಿದ್ದೀರಿ. ಕಳಿಸಿದ್ರಾ?

"ಇಲ್ಲ ಸರ್, ಇನ್ನೂ ಪ್ಯಾಡಲ್ಲೇ ಇದೆ."

ಹಾಗಾದರೆ ಊಟಕ್ಕೆ ನಿಲ್ಲಬೇಡಿ.